ಅಚ್ಚಿನಲ್ಲಿ ತುಂಡಾದ ರೇಖೆ ಕೈಯಲ್ಲೂ ತುಂಡಾಗಿದೆಯೇ?

ಪ್ರಶ್ನೆ: "ನಾನು ಮಸ್ಕತ್‌ನಲ್ಲಿದ್ದೇನೆ. ಅಮ್ಮ ಸಾಗರದ ಹತ್ತಿರ ನಮ್ಮೂರಲ್ಲಿದ್ದಾರೆ, ವಯಸ್ಸು 63. ತಮ್ಮನಿಗೆ ಹೇಳಿ ಅಮ್ಮನ ಬಲಗೈಗೆ ಸ್ಟ್ಯಾಂಪ್ ಪ್ಯಾಡ್ ಇಂಕು ಹಚ್ಚಿಸಿ ಅಚ್ಚು ತೆಗೆಸಿದೆ. ಮೊಬೈಲ್‌ನಲ್ಲಿ ಮೂರು ಫೋಟೊ ತೆಗೆಸಿ, ಅಚ್ಚು, ಫೋಟೊ ಎರಡನ್ನೂ ಕೈ ನೋಡುವ ಒಬ್ಬರಿಗೆ ಕಳಿಸಿದೆ. ಅವರು ಅಚ್ಚು ನೋಡಿ, ಆಯುಷ್ಯ ರೇಖೆ ನಡುವೆ ತುಂಡಾಗಿದೆ, ಶನಿ ರೇಖೆ ಇಲ್ಲವೇ ಇಲ್ಲ ಅಂದರು. ಫೋಟೊದಲ್ಲಿ ಹಾಗೆ ಕಾಣುವುದಿಲ್ಲ. ಆದರೆ ಫೋಟೊ, ಅಚ್ಚು ಎರಡೂ ಒಂದೇ ಕೈಯದು ಅಂತಲೂ ಅನ್ನಿಸುವುದಿಲ್ಲ, ಹೆಬ್ಬೆರಳೇ ಬೇರೆ ಬೇರೆ ಕಡೆ ಇದೆ. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಹೆಂಗಸರಿಗೆ ಎಡಗೈ ನೋಡಬೇಕಂತೆ, ಬಲಗೈ ಕಳಿಸಿದ್ದೇ ತಪ್ಪಾಯಿತೆ? ಮತ್ತೆ ತೆಗೆಯುವುದಾದರೆ ಹೇಗೆ ತೆಗೆಯಬೇಕು? ಅಚ್ಚು, ಫೋಟೊ ಲಗತ್ತಿಸಿದ್ದೇನೆ."

ಉತ್ತರ: ಮೊದಲು ಅಮ್ಮನಿಗೆ ಫೋನ್ ಮಾಡಿ ಊಟ ಮಾಡಲು ಹೇಳಿ. ನೀವು ಕಳಿಸಿದ ಅಚ್ಚನ್ನು ಭೂತಗನ್ನಡಿ ಹಿಡಿದು ನೋಡಿದೆ. ತುಂಡಾಗಿರುವುದು ಅವರ ರೇಖೆಯಲ್ಲ, ಆ ಜಾಗಕ್ಕೆ ಇಂಕೇ ತಾಗಿಲ್ಲ.

ಇದನ್ನು ನೀವೇ ನೋಡಿ ತಿಳಿಯಬಹುದು. ಇಂಕಿನ ಅಚ್ಚಿನಲ್ಲಿ ಕಪ್ಪಾಗಿ ಬರುವುದು ರೇಖೆಯಲ್ಲ, ಚರ್ಮ. ರೇಖೆ ಎಂದರೆ ಚರ್ಮದಲ್ಲಿರುವ ತಗ್ಗು, ಇಂಕು ಅದರೊಳಕ್ಕೆ ಇಳಿಯದಿದ್ದರೆ ಅದು ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಆ ಬಿಳಿ ಗೆರೆಯ ಎರಡೂ ಪಕ್ಕದಲ್ಲಿ ಸಣ್ಣ ಸಣ್ಣ ಎಳೆಗಳು ಕಾಣಬೇಕು, ಹೆಬ್ಬೆಟ್ಟಿನ ಗುರುತಿನಲ್ಲಿ ಕಾಣುತ್ತವಲ್ಲ, ಅಂಥವೇ. ರೇಖೆ ನಿಜಕ್ಕೂ ಅಲ್ಲಿ ನಿಂತುಹೋಗಿದ್ದರೆ, ಅದು ನಿಂತ ಕಡೆಯೂ ಈ ಎಳೆಗಳು ಮುಂದುವರಿದು ಜಾಗವನ್ನು ತುಂಬಿಕೊಂಡಿರುತ್ತವೆ. ನಿಮ್ಮ ಅಮ್ಮನ ಅಚ್ಚಿನಲ್ಲಿ ಅಂಗೈ ನಡುವೆ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಖಾಲಿ ಮಚ್ಚೆ ಇದೆ. ಅದರೊಳಗೆ ರೇಖೆಯೂ ಇಲ್ಲ, ಎಳೆಯೂ ಇಲ್ಲ. ಚರ್ಮವೇ ಇಲ್ಲದ ಅಂಗೈ ಇರಲಿಕ್ಕಿಲ್ಲ ಅಲ್ಲವೆ? ಆಯುಷ್ಯ ರೇಖೆ ಆ ಮಚ್ಚೆಯ ಅಂಚಿಗೆ ಬಂದು ಮಾಯವಾಗಿ, ಕೆಳಗೆ ಶುಕ್ರ ಪರ್ವತದ, ಅಂದರೆ ಹೆಬ್ಬೆರಳ ಬುಡದ ದಿಬ್ಬದ, ಪಕ್ಕದಲ್ಲಿ ಮತ್ತೆ ಶುರುವಾಗುತ್ತದೆ. ಅಂಗೈ ನಡುವೆ ನಡುಬೆರಳ ಕಡೆಗೆ ಏರುವ ಶನಿ ರೇಖೆಯ ದಾರಿಯಂತೂ ಆ ಮಚ್ಚೆಯ ಮೇಲೆಯೇ ಹಾದುಹೋಗಬೇಕು. ಅದು ಇದೆಯೋ ಇಲ್ಲವೋ ಎಂದು ಈ ಅಚ್ಚು ನೋಡಿ ಹೇಳುವ ಹಾಗೇ ಇಲ್ಲ.

ಹೀಗಾಗುವುದಕ್ಕೆ ಕಾರಣ ಕೈಯ ಆಕಾರ. ಹೆಬ್ಬೆರಳ ಬುಡ, ಕಿರುಬೆರಳ ಕೆಳಗಿನ ದಿಂಡು, ಬೆರಳುಗಳ ಬುಡ ಇವೆಲ್ಲ ಉಬ್ಬಿರುತ್ತವೆ, ನಡುವಿನ ಜಾಗ ಬೊಗಸೆಯಂತೆ ತಗ್ಗಾಗಿರುತ್ತದೆ. ಗಟ್ಟಿ ಮೇಜಿನ ಮೇಲೆ ಕಾಗದ ಇಟ್ಟು ಕೈ ಒತ್ತಿದರೆ ಸುತ್ತಲಿನ ದಿಬ್ಬಗಳು ಕಾಗದಕ್ಕೆ ತಾಗಿ ನಡು ಮೇಲೆಯೇ ನಿಲ್ಲುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಇನ್ನೂ ಜೋರಾಗಿ ಒತ್ತುತ್ತಾರೆ. ನಡು ಆಗಲೂ ತಾಗುವುದಿಲ್ಲ. ದಿಬ್ಬಗಳ ಮೇಲಿನ ಇಂಕು ಮಾತ್ರ ಹಿಂಡಿಕೊಂಡು ಸಣ್ಣ ರೇಖೆಗಳೊಳಗೆ ತುಂಬಿ, ಅಲ್ಲಿದ್ದದ್ದೂ ಅಳಿಸಿಹೋಗುತ್ತದೆ. ನಿಮ್ಮ ಅಚ್ಚಿನಲ್ಲಿ ಎರಡೂ ಆಗಿದೆ: ನಡುವೆ ಬಿಳಿ ಮಚ್ಚೆ, ಹೆಬ್ಬೆರಳ ಬುಡದಲ್ಲಿ ನೇರಳೆ ಕೆಸರು. ತಮ್ಮನವರು ಸರಿಯಾಗಿಯೇ ಶ್ರಮಪಟ್ಟಿದ್ದಾರೆ, ಒತ್ತಬೇಕಾದ ಕಡೆ ಮಾತ್ರ ಒತ್ತಿಲ್ಲ.

ಇನ್ನು ಹೆಬ್ಬೆರಳಿನ ವಿಷಯ. ಅಚ್ಚು ಎಂದರೆ ಕನ್ನಡಿಯ ಬಿಂಬದ ಹಾಗೆ, ತಿರುವುಮುರುವಾಗಿ ಬರುತ್ತದೆ. ಬೆರಳು ಮೇಲಕ್ಕೆ ಮಾಡಿ ಹಿಡಿದರೆ ಬಲಗೈಯ ಅಚ್ಚಿನಲ್ಲಿ ಹೆಬ್ಬೆರಳು ನೋಡುವವರ ಎಡಕ್ಕೆ ಇರುತ್ತದೆ. ಅದೇ ಬಲಗೈಯ ಫೋಟೊದಲ್ಲಿ ಬಲಕ್ಕೆ. ಹಾಗಾಗಿ ನಿಮ್ಮ ಎರಡೂ ಚಿತ್ರ ಒಂದೇ ಕೈಯದು, ಗಾಬರಿ ಬೇಡ. ಆದರೆ ಇದರಲ್ಲಿ ಇನ್ನೊಂದು ಬಲೆ ಇದೆ. ಮೊಬೈಲ್‌ನ ಮುಂದಿನ ಕ್ಯಾಮೆರಾದಲ್ಲಿ, ಅಂದರೆ ಸೆಲ್ಫಿ ಬದಿಯಲ್ಲಿ, ತೆಗೆದರೆ ಕೆಲವು ಫೋನುಗಳು ಚಿತ್ರವನ್ನು ತಿರುಗಿಸಿಯೇ ಉಳಿಸುತ್ತವೆ. ಆಗ ಬಲಗೈ ಫೋಟೊ ಎಡಗೈಯಂತೆ ಬರುತ್ತದೆ. ಏಳೆಂಟು ವರ್ಷದ ಹಿಂದೆ ನಾನೇ ಇದರಲ್ಲಿ ಬಿದ್ದೆ. ಒಬ್ಬ ಹುಡುಗನ "ಎಡಗೈ" ನೋಡಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ ಮೇಲೆ ಅವನ ಅಜ್ಜಿ ಕೇಳಿದರು, "ಅಲ್ಲ ಸ್ವಾಮಿ, ಅವನ ಎಡಗೈ ತೋರುಬೆರಳಲ್ಲಿ ಹೊಲಿಗೆ ಹಾಕಿದ ಗಾಯ ಇದೆ, ನೀವು ಅದರ ಸುದ್ದಿಯೇ ಎತ್ತಲಿಲ್ಲ?" ಅಂದಿನಿಂದ ಹಿಂದಿನ ಕ್ಯಾಮೆರಾದ ಫೋಟೊ ಅಲ್ಲದಿದ್ದರೆ ನಾನು ಬಾಯಿ ಬಿಡುವುದಿಲ್ಲ. ಅಚ್ಚಿನ ಮೇಲೆ, ಕಾಗದದಿಂದ ಕೈ ಎತ್ತುವ ಮೊದಲೇ, "ಬಲ" ಅಥವಾ "ಎಡ" ಎಂದು ಪೆನ್ಸಿಲ್‌ನಲ್ಲಿ ಬರೆಯಿಸಿ. ಆಮೇಲೆ ಬರೆಯೋಣ ಎಂದುಕೊಂಡವರೇ ತಪ್ಪು ಬರೆಯುವುದು.

ಯಾವ ಕೈ ಎಂಬುದಕ್ಕೆ ಬರುತ್ತೇನೆ. ಗಂಡಸರಿಗೆ ಬಲ, ಹೆಂಗಸರಿಗೆ ಎಡ ಎನ್ನುವುದು ನಮ್ಮ ಸಾಮುದ್ರಿಕದ ಹಳೆಯ ಪದ್ಧತಿ, ಇವತ್ತಿಗೂ ಹಾಗೇ ನೋಡುವವರಿದ್ದಾರೆ. ಕೆಲಸ ಮಾಡುವ ಕೈ ಒಂದು, ಸುಮ್ಮನಿರುವ ಕೈ ಇನ್ನೊಂದು ಎಂದು ಬೇರ್ಪಡಿಸಿ ಎರಡನ್ನೂ ಹೋಲಿಸುವುದು ಪಾಶ್ಚಾತ್ಯರ ರೀತಿ. ಹುಟ್ಟಿನಿಂದ ಬಂದದ್ದು ಸುಮ್ಮನಿರುವ ಕೈಯಲ್ಲಿ, ತಾನು ಮಾಡಿಕೊಂಡದ್ದು ಕೆಲಸದ ಕೈಯಲ್ಲಿ ಎನ್ನುತ್ತಾರೆ. ನೀವು ತೋರಿಸುವವರು ಯಾವ ಪದ್ಧತಿಯವರೋ ನಿಮಗೆ ಗೊತ್ತಿರುವುದಿಲ್ಲ. ಆದ್ದರಿಂದ ಎರಡೂ ಕೈ ಕಳಿಸುವುದೇ ಸರಿ, ಜತೆಗೆ ಬರೆಯುವ ಕೈ ಯಾವುದು ಎಂಬುದನ್ನೂ ತಿಳಿಸಿ. ಬಲಗೈ ಒಂದೇ ಕಳಿಸಿದ್ದು ಅಪರಾಧವಲ್ಲ, ಅರ್ಧ ಕಾಗದ ಓದಲು ಕೊಟ್ಟಂತೆ ಅಷ್ಟೆ. ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಅಂಗೈಯ ದೊಡ್ಡ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗ ಮೊದಲ ಮೂರ್ನಾಲ್ಕು ತಿಂಗಳಲ್ಲೇ ಮೂಡುವ ಚರ್ಮದ ಮಡಿಕೆಗಳು. ಅವು ಚಿಕ್ಕದಿದ್ದರೆ ಆಯಸ್ಸು ಚಿಕ್ಕದು ಎಂದು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಕೈ ನೋಡಿ ಸಾವಿನ ಮಾತಾಡುವುದನ್ನು ನಾನೂ ಒಪ್ಪುವುದಿಲ್ಲ. ಅಮ್ಮನ ಆರೋಗ್ಯದ ಬಗ್ಗೆ ಅನುಮಾನವಿದ್ದರೆ ಅದಕ್ಕೆ ಸಾಗರದಲ್ಲೇ ಡಾಕ್ಟರಿದ್ದಾರೆ.

ಮತ್ತೆ ಅಚ್ಚು ತೆಗೆಯುವುದಾದರೆ ಮೊದಲು ಇಂಕು ಬದಲಿಸಿ. ಸ್ಟ್ಯಾಂಪ್ ಪ್ಯಾಡಿನ ಇಂಕು ನೀರಿನಂಥದ್ದು, ಕಾಗದದ ನಾರಿಗೆ ಹೀರಿಕೊಂಡು ಹರಡುತ್ತದೆ. ಹೆಬ್ಬೆಟ್ಟಿಗೆ ಅದು ಸಾಕು. ಅಂಗೈಗೆ ಹಚ್ಚುವ ಹೊತ್ತಿಗೆ ಒಂದು ಬದಿ ಒಣಗಿ, ಇನ್ನೊಂದು ಬದಿ ಒದ್ದೆಯಾಗಿರುತ್ತದೆ. ಬೇಕಾಗಿರುವುದು ಎಣ್ಣೆಯ, ಅಂಟಂಟಾದ ಕಪ್ಪು ಇಂಕು, ಪ್ರಿಂಟಿಂಗ್ ಪ್ರೆಸ್‌ನವರು ಬಳಸುವಂಥದ್ದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಗುತ್ತಿಗೆ ಪತ್ರವೊಂದರ ಮೇಲೆ ರಾಜ್ಯಧರ ಕೋನಾಯಿ ಎಂಬವನ ಇಡೀ ಅಂಗೈಯ ಗುರುತು ಒತ್ತಿಸಿಕೊಂಡ. ಬೆರಳಚ್ಚಿನ ಚರಿತ್ರೆಯಲ್ಲಿ ದೊಡ್ಡ ಹೆಸರಿನ ಅಚ್ಚು ಅದು. ಕಚೇರಿಯ ಮೊಹರಿಗೆಂದು ಇಟ್ಟಿದ್ದ ಎಣ್ಣೆಯ ಇಂಕನ್ನೇ ಅವನೂ ಬಳಸಿದ್ದ. ಸಾಗರ, ಶಿವಮೊಗ್ಗದ ಪ್ರೆಸ್‌ನಲ್ಲಿ ಕೇಳಿದರೆ ಬೆಂಕಿಪೊಟ್ಟಣದಷ್ಟು ಇಂಕು ಹಾಗೇ ಕೊಡುತ್ತಾರೆ. ಅದೂ ಸಿಗದಿದ್ದರೆ ಗಾಢ ಬಣ್ಣದ ಲಿಪ್‌ಸ್ಟಿಕ್ ಕೂಡ ನಡೆಯುತ್ತದೆ, ನಗಬೇಡಿ, ಮೇಣ ಮತ್ತು ಎಣ್ಣೆ ಇರುವುದರಿಂದ ತೆಳ್ಳಗೆ ತೀಡಿದರೆ ಎಳೆಗಳೂ ಬರುತ್ತವೆ. ಕುಂಕುಮ, ಅರಿಶಿನದ ನೀರು ಬೇಡ. ಗೃಹಪ್ರವೇಶಕ್ಕೆ ಗೋಡೆಯ ಮೇಲೆ ಒತ್ತಲು ಚೆಂದ, ಅದರ ಕಣ ದಪ್ಪ, ಸಣ್ಣ ರೇಖೆ ಒಂದೂ ಉಳಿಯುವುದಿಲ್ಲ. ಹಿಂದಿನವರು ಕರ್ಪೂರ ಉರಿಸಿ ಅದರ ಮಸಿ ಕಾಗದಕ್ಕೆ ಹಿಡಿಸಿ ಅದರ ಮೇಲೆ ಕೈ ಒತ್ತಿಸುತ್ತಿದ್ದರು, ಮೇಲೆ ಅರಗು ಕರಗಿಸಿದ ಸ್ಪಿರಿಟ್ ಹಚ್ಚಿ ಮಸಿ ಉದುರದಂತೆ ಮಾಡುತ್ತಿದ್ದರು. ಬಹಳ ನಾಜೂಕಾದ ಅಚ್ಚು ಬರುತ್ತದೆ. ಆದರೆ ಕಾಗದವನ್ನು ಉರಿಯ ಮೇಲೆ ಆಡಿಸುವ ಕೆಲಸ, ಮನೆಯಲ್ಲಿ ಅಮ್ಮನ ಹತ್ತಿರ ಮಾಡಿಸಬೇಡಿ.

ಗಾಜಿನ ತುಂಡಿನ ಮೇಲೆ, ಇಲ್ಲವೆ ನುಣುಪಾದ ಟೈಲ್ಸ್ ಮೇಲೆ, ಕಡಲೆಕಾಳಿನಷ್ಟು ಇಂಕು ಇಟ್ಟು ರಬ್ಬರ್ ರೋಲರ್‌ನಿಂದ ಹರಡಬೇಕು. ರೋಲರ್ ಇಲ್ಲದಿದ್ದರೆ ಹಳೆಯ ಕಾಟನ್ ಬಟ್ಟೆಯೊಳಗೆ ಹತ್ತಿ ಕಟ್ಟಿ ಪೊಟ್ಟಣ ಮಾಡಿಕೊಂಡು ತಟ್ಟುತ್ತಾ ಹೋಗಬಹುದು. ಪದರ ಎಷ್ಟು ತೆಳ್ಳಗಿರಬೇಕೆಂದರೆ, ಇಂಕಿನ ಕೆಳಗಿನ ಗಾಜು ಮಬ್ಬಾಗಿ ಕಾಣುತ್ತಿರಬೇಕು. ಕೈಗೆ ಹಚ್ಚಿದ ಮೇಲೂ ಅಂಗೈಯ ರೇಖೆಗಳು ಕಣ್ಣಿಗೆ ಕಾಣಬೇಕು. ಕರ್ರಗೆ ಮೆತ್ತಿ ರೇಖೆ ಮುಚ್ಚಿಹೋಗಿದ್ದರೆ ಕಾಗದದ ಮೇಲೂ ಅದೇ ಬರುವುದು, ಒರೆಸಿ ಮತ್ತೆ ಹಚ್ಚಿ. ಬೆವರುವ ಕೈಯಾದರೆ ಇಂಕು ಹಿಡಿಯುವುದಿಲ್ಲ, ಸೋಪಿನಿಂದ ತೊಳೆದು ಒರೆಸಿ ಹತ್ತು ನಿಮಿಷ ಆರಲು ಬಿಡಿ. ಬಿಸಿನೀರಲ್ಲಿ ಪಾತ್ರೆ ತೊಳೆದು ಬಂದ ತಕ್ಷಣ ಬೇಡ, ಚರ್ಮ ನೆನೆದು ಸುಕ್ಕಾಗಿರುತ್ತದೆ.

ತಗ್ಗಿನ ಸಮಸ್ಯೆಗೆ ಪರಿಹಾರ ಕೈಯಲ್ಲಿಲ್ಲ, ಕಾಗದದ ಕೆಳಗಿದೆ. ಮೇಜಿನ ಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಸಾಮಾನ್ಯ ಎ4 ಕಾಗದ ಇಡಿ. ದಪ್ಪ ಡ್ರಾಯಿಂಗ್ ಹಾಳೆ ಬೇಡ, ಅದು ಬಾಗುವುದಿಲ್ಲ. ಅಮ್ಮ ಕೈಯನ್ನು ಸಹಜವಾಗಿ, ಬೆರಳು ಸ್ವಲ್ಪ ಬಿಟ್ಟು, ಮಣಿಕಟ್ಟಿನಿಂದ ಶುರುಮಾಡಿ ಮೆಲ್ಲಗೆ ಇಳಿಸಲಿ. ತಮ್ಮನವರು ಮುಂಗೈ ಮೇಲೆ, ನಡುಬೆರಳ ಮೂಳೆಯ ಹಿಂದೆ, ಎರಡು ಬೆರಳಿಟ್ಟು ಮೆತ್ತಗೆ ಒತ್ತಲಿ. ಆಮೇಲೆ ಮುಖ್ಯವಾದ ಕೆಲಸ: ಕಾಗದ ಅಂಟಿಕೊಂಡಿರುವ ಹಾಗೆಯೇ ಕೈಯನ್ನು ಎತ್ತಿ, ಅಂಗೈ ಮೇಲೆ ಮಾಡಿ, ಕಾಗದದ ಹಿಂಬದಿಯಿಂದ ಹೆಬ್ಬೆರಳಲ್ಲಿ ತಗ್ಗಿನೊಳಕ್ಕೆ ಒಮ್ಮೆ ಸವರಬೇಕು, ಉಜ್ಜಬಾರದು. ನಂತರ ಮಣಿಕಟ್ಟಿನ ಕಡೆಯಿಂದ ಕಾಗದ ಬಿಡಿಸಿ. ಕೈ ಎತ್ತುವ ಮೊದಲು ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದಿದ್ದರೆ ಬೆರಳುಗಳ ಉದ್ದ, ಆಕಾರವೂ ಸಿಗುತ್ತದೆ.

ಇದಕ್ಕೂ ನಡು ಬರದಿದ್ದರೆ ಲಟ್ಟಣಿಗೆ ತನ್ನಿ. ಪೊಲೀಸರು ಅಂಗೈ ಅಚ್ಚು ತೆಗೆಯುವಾಗ ಕಾಗದವನ್ನು ದುಂಡನೆಯ ಕೊಳವೆಗೆ ಸುತ್ತಿ ಅದರ ಮೇಲೆ ಕೈ ಉರುಳಿಸುತ್ತಾರೆ. ದಪ್ಪ ಲಟ್ಟಣಿಗೆ ಅಥವಾ ನೀರಿನ ಬಾಟಲಿಗೆ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಒಂದೇ ಸಲ, ಹಿಂದೆ ಮುಂದೆ ಮಾಡದೆ ಉರುಳಿಸಿದರೆ ತಗ್ಗು ಪೂರ್ತಿ ತಾಗುತ್ತದೆ. ಇದರಲ್ಲಿ ಕೈಯ ಅಳತೆ ಸ್ವಲ್ಪ ಹಿಗ್ಗುತ್ತದೆ. ಆದ್ದರಿಂದ ಇದನ್ನು ರೇಖೆಗೆ ಮಾತ್ರ ನಂಬಿ, ಆಕಾರಕ್ಕೆ ಟವೆಲ್ ಮೇಲಿನ ಅಚ್ಚನ್ನೇ ಕಳಿಸಿ. ಇಂಕು ಹೋಗಲು ಕೊಬ್ಬರಿ ಎಣ್ಣೆ ತಿಕ್ಕಿ ಕಡಲೆಹಿಟ್ಟು ಹಾಕಿ ತೊಳೆದರೆ ಸಾಕು.

ಫೋಟೊದ ಮಾತಿಗೆ ಬಂದರೆ, ನಿಮ್ಮ ಮೂರರಲ್ಲಿ ಎರಡು ಫ್ಲ್ಯಾಶ್ ಹಾಕಿ ತೆಗೆದವು. ಫ್ಲ್ಯಾಶ್ ಬೆಳಕು ಕ್ಯಾಮೆರಾದ ಪಕ್ಕದಿಂದಲೇ ನೇರವಾಗಿ ಬೀಳುವುದರಿಂದ ತಗ್ಗಿಗೂ ದಿಬ್ಬಕ್ಕೂ ವ್ಯತ್ಯಾಸ ಅಳಿಸಿ ಅಂಗೈ ಚಪಾತಿಯಂತೆ ಕಾಣುತ್ತದೆ. ರೇಖೆ ಕಾಣುವುದು ನೆರಳಿನಿಂದ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಜಗಲಿಯಲ್ಲಿ ಅಥವಾ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಕಪ್ಪು ಬಟ್ಟೆಯ ಮೇಲೆ ಕೈ ಮಲಗಿಸಿ ಬೆಳಕು ಓರೆಯಾಗಿ ಒಂದು ಪಕ್ಕದಿಂದ ಬರುವಂತೆ ಮಾಡಿ. ಆದರೆ ಒಂದೇ ಪಕ್ಕದ ಬೆಳಕು ಸಾಲದು. ಹೆಬ್ಬೆರಳ ಕಡೆಯಿಂದ ಬೆಳಕು ಬಂದರೆ ಉದ್ದುದ್ದಕ್ಕೆ ಹೋಗುವ ಶನಿ ರೇಖೆ, ಆಯುಷ್ಯ ರೇಖೆಯ ಕೆಳಭಾಗ ಎದ್ದು ಕಾಣುತ್ತವೆ, ಅಡ್ಡಲಾಗಿರುವ ಹೃದಯ ರೇಖೆ, ಬುದ್ಧಿ ರೇಖೆ ಮಂಕಾಗುತ್ತವೆ. ಮಣಿಕಟ್ಟಿನ ಕಡೆಯಿಂದ ಬೆಳಕು ಬಂದರೆ ಇದು ತಿರುವುಮುರುವು. ಬೆಳಕಿನ ದಾರಿಯಲ್ಲೇ ಮಲಗಿರುವ ಗೆರೆಗೆ ನೆರಳು ಬೀಳುವುದಿಲ್ಲ, ಅಷ್ಟೇ ಗುಟ್ಟು. ಹಾಗಾಗಿ ಒಂದು ಮಣೆಯ ಮೇಲೆ ಬಟ್ಟೆ ಹಾಸಿ ಕೈ ಇಟ್ಟು, ಕಿಟಕಿ ಬದಲಾಗುವುದಿಲ್ಲವಲ್ಲ, ಮಣೆಯನ್ನೇ ತಿರುಗಿಸಿ ಪ್ರತಿ ಕೈಗೆ ಎರಡು ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ "ಇಲ್ಲ" ಎಂದ ರೇಖೆ ಇನ್ನೊಂದರಲ್ಲಿ ಸಿಕ್ಕಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ಮೂರನೆಯ ಫೋಟೊದಲ್ಲಿ, ಅಡುಗೆಮನೆ ಬಾಗಿಲ ಹತ್ತಿರ ತೆಗೆದದ್ದು ಅನ್ನಿಸುತ್ತದೆ, ಅಮ್ಮನ ಶನಿ ರೇಖೆ ತೆಳ್ಳಗೆ ಇದೆ, ನಡುಬೆರಳ ಬುಡದವರೆಗೂ ಹೋಗಿದೆ. ಆಯುಷ್ಯ ರೇಖೆಯೂ ಮುರಿಯದೆ ಬಂದಿದೆ.

ಕ್ಯಾಮೆರಾ ಹತ್ತಿರ ಹಿಡಿಯಬೇಡಿ. ಒಂದು ಗೇಣು ದೂರದಿಂದ ತೆಗೆದರೆ ಹತ್ತಿರವಿರುವ ಅಂಗೈ ಊದಿಕೊಂಡು ಬೆರಳು ಮೊಟಕಾಗಿ ಕಾಣುತ್ತವೆ, ಯಾರದೋ ಕೈ ಅನ್ನಿಸುತ್ತದೆ. ಒಂದೂವರೆ ಅಡಿ ಮೇಲಿಂದ, ಅಂಗೈಗೆ ಸರಿ ನೇರವಾಗಿ, ಎರಡರಷ್ಟು ಜೂಮ್ ಮಾಡಿ ತೆಗೆಯಲಿ, ಅಂಗೈ ಮೇಲೆ ಬೆರಳು ತಟ್ಟಿ ಫೋಕಸ್ ಕೊಡಲಿ. ಬ್ಯೂಟಿ ಮೋಡ್ ಆಫ್ ಇರಲಿ, ಮುಖದ ಸುಕ್ಕು ಅಳಿಸಲು ಮಾಡಿದ್ದು ಅಂಗೈಯ ಸಣ್ಣ ರೇಖೆಯನ್ನೂ ಅಳಿಸಿಬಿಡುತ್ತದೆ. ಕೈಯನ್ನು ಬಿಗಿಯಾಗಿ ಚಾಚಿದರೆ ರೇಖೆಗಳು ಎಳೆದುಕೊಂಡು ಬೆಳ್ಳಗಾಗುತ್ತವೆ, ಮುದುಡಿದರೆ ಇಲ್ಲದ ಮಡಿಕೆ ಬೀಳುತ್ತವೆ. ನಿದ್ದೆಯಲ್ಲಿ ಕೈ ಬಿದ್ದಿರುತ್ತದಲ್ಲ, ಅಷ್ಟು ಸಡಿಲವಾಗಿರಲಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಜೆರಾಕ್ಸ್ ಅಂಗಡಿಯ ಸ್ಕ್ಯಾನರ್ ಮೇಲೆ ಕೈ ಇಡುವ ರೂಢಿಯೂ ಇದೆ. ಗಾಜಿಗೆ ಒತ್ತಿದ ಚರ್ಮದಲ್ಲಿ ರಕ್ತ ಸರಿದು ಬಿಳಿಚಿಕೊಳ್ಳುತ್ತದೆ, ತಗ್ಗಿನ ಭಾಗ ಮಸುಕಾಗುತ್ತದೆ. ನಾನು ಸಲಹೆ ಮಾಡುವುದಿಲ್ಲ.

ನಿಮ್ಮ ಅಮ್ಮನ ಕೈಗೆ ಮಾತ್ರ ಸಂಬಂಧಪಟ್ಟ ಒಂದು ವಿಷಯ. ಫೋಟೊದಲ್ಲಿ ಹೆಬ್ಬೆರಳು, ತೋರುಬೆರಳ ಮೇಲೆ ಕಂದು ಕಲೆ ಇದೆ. ಹಸಿ ಅಡಿಕೆ ಸುಲಿದ ಕೈ ಎಂದು ನೋಡಿದರೇ ಗೊತ್ತಾಗುತ್ತದೆ. ಆ ಕಲೆ ಚರ್ಮದ ಬಿರುಕುಗಳಲ್ಲಿ ಕೂತು ಹೊಸ ರೇಖೆಗಳಂತೆ ಕಾಣುತ್ತದೆ, ತೋರುಬೆರಳ ಬುಡದ ಗುರು ಪರ್ವತದ ಮೇಲೆ ಮೂರು ಅಡ್ಡ ಗೆರೆ ಎಂದು ನಿಮಗೆ ಹೇಳಿದ್ದರೆ ಅವು ಅವೇ ಇರಬಹುದು. ಬಿರುಕು ಎರಡು ವಾರದಲ್ಲಿ ಕೂಡುತ್ತದೆ ಅಥವಾ ಜಾಗ ಬದಲಿಸುತ್ತದೆ, ರೇಖೆ ಹಾಗೆ ಮಾಡುವುದಿಲ್ಲ. ಸುಲಿತ ಮುಗಿದು ಹದಿನೈದು ಇಪ್ಪತ್ತು ದಿನ ಆಗಲಿ, ರಾತ್ರಿ ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ, ಆಮೇಲೆ ತೆಗೆಯಿರಿ. ತೆಗೆಯುವ ದಿನ ಮಾತ್ರ ಎಣ್ಣೆ ಇರಬಾರದು, ಹೊಳಪು ಬಂದು ರೇಖೆಯ ಮೇಲೆ ಬಿಳಿ ಚುಕ್ಕಿ ಬೀಳುತ್ತದೆ. ಮದುವೆ ಮನೆಯಿಂದ ಬಂದು ಮೆಹೆಂದಿ ಇದ್ದರೂ ಇದೇ ಮಾತು, ಪೂರ್ತಿ ಮಾಸುವವರೆಗೆ ಕಾಯಬೇಕು.

ಕಳಿಸುವ ಮೊದಲು ಒಂದು ಎಚ್ಚರ. ಒಳ್ಳೆಯ ಇಂಕಿನ ಅಚ್ಚು ಎಂದರೆ ಹತ್ತೂ ಬೆರಳಿನ ಗುರುತು ಅಪರಿಚಿತರ ಕೈಗೆ ಕೊಟ್ಟಂತೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳ ಗುರುತು ನಕಲು ಮಾಡಿ ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ನಮ್ಮಲ್ಲೇ ವರದಿಯಾಗಿವೆ. ಬೆರಳ ತುದಿಯ ಶಂಖ, ಚಕ್ರ ನೋಡುವವರು ಅದನ್ನು ಬೇಕೆಂದೇ ಕೇಳುತ್ತಾರೆ. ಆಗ ಎರಡು ದಾರಿ. ಒಂದು, ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ ಆಮೇಲೆ ಕಳಿಸುವುದು. ಆದರೆ ಅಮ್ಮ ಪಡಿತರಕ್ಕೋ ಪಿಂಚಣಿಗೋ ಬೆರಳು ಒತ್ತಬೇಕಾದಾಗ ಯಾರಾದರೂ ಲಾಕ್ ತೆಗೆದುಕೊಡಬೇಕು, ಊರಲ್ಲಿ ಆ ತಾಪತ್ರಯ ಸಣ್ಣದಲ್ಲ. ಇನ್ನೊಂದು, ಇಂಕು ಹಚ್ಚುವಾಗ ಬೆರಳ ತುದಿಯ ಗೆಣ್ಣು ಬಿಟ್ಟುಬಿಡುವುದು, ಶಂಖವೋ ಚಕ್ರವೋ ಎಂಬುದನ್ನು ನೀವೇ ನೋಡಿ ಬರೆದು ಕಳಿಸುವುದು. ನನಗೆ ಎರಡನೆಯದೇ ಇಷ್ಟ, ನನಗೆ ಕಳಿಸುವವರಿಗೂ ಅದನ್ನೇ ಹೇಳುತ್ತೇನೆ. ಹೆಸರು, ವಿಳಾಸ, ಆಧಾರ್ ಸಂಖ್ಯೆ ಅಚ್ಚಿನ ಹಾಳೆಯ ಮೇಲೆ ಬರೆಯಬೇಡಿ. ವಯಸ್ಸು, ಬರೆಯುವ ಕೈ, ತೆಗೆದ ದಿನಾಂಕ, ಹಳೆಯ ಗಾಯಗಳು, ಇಷ್ಟು ಸಾಕು.

ಪ್ರತಿ ಕೈಗೆ ಮೂರು ಅಚ್ಚು ತೆಗೆಯಿರಿ, ಕೈ ಮತ್ತೆ ಇಂಕಿಗೆ ಅದ್ದದೆ ಒಂದರ ಹಿಂದೆ ಒಂದು. ಸಾಮಾನ್ಯವಾಗಿ ಎರಡನೆಯದೇ ಚೆನ್ನಾಗಿ ಬರುತ್ತದೆ, ಮೊದಲನೆಯದರಲ್ಲಿ ಹೆಚ್ಚಿನ ಇಂಕು ಹೋಗಿಬಿಟ್ಟಿರುತ್ತದೆ. ಮೂರನ್ನೂ ಕಳಿಸಿ, ಒಂದರಲ್ಲಿ ತಾಗದ ಜಾಗ ಇನ್ನೊಂದರಲ್ಲಿ ಸಿಗುತ್ತದೆ. ಒಂದು ದಿನ ಆರಲು ಬಿಟ್ಟು, ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಅಂಚೆಗೆ ಹಾಕಲಿ. ಹೋದ ಸಲ ತಮ್ಮನವರು ಕವರಿಗೆ ಹಿಡಿಸಲೆಂದು ನಡುವೆ ಮಡಿಚಿದ್ದಾರೆ, ಆ ಮಡಿಕೆ ಗೆರೆ ಸರಿಯಾಗಿ ಬುದ್ಧಿ ರೇಖೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಬಿದ್ದು ಅಮ್ಮನಿಗೆ ಎರಡು ಬುದ್ಧಿ ರೇಖೆ ಮಾಡಿಕೊಟ್ಟಿದೆ.